ಹರಿಯದ ಹಾಳೆ

ಇಂಡಿ ಪಟ್ಟಣದ ಒಂದು ಮನೆಯ ಪಡಸಾಲೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ತೂಗುತ್ತಿತ್ತು. ಮೇಲಿನ ಹಾಳೆ 2019ನೆಯ ಸೆಪ್ಟೆಂಬರ್ 12, ಗುರುವಾರ, ಅನಂತ ಚತುರ್ದಶಿ. ದಶಲಕ್ಷಣ ಪರ್ವ ಅಂದು ಮುಗಿಯುತ್ತದೆ. ಅದರ ಬೆನ್ನಿಗೇ ಕ್ಷಮಾವಣಿ.

ಅಂದೇ ಅಣ್ಣತಮ್ಮಂದಿರಿಗೆ ಮಾತು ಮುರಿದಿತ್ತು. ನಿಂಬೆಯ ತೋಟಕ್ಕೆ ಬಾವಿ ಒಂದೇ. ಹಗಲಿನ ವಿದ್ಯುತ್ತನ್ನು ಅಣ್ಣನು ತನ್ನ ಪಾಳಿಗೆ ಇಟ್ಟುಕೊಂಡು, ರಾತ್ರಿಯದನ್ನು ತಮ್ಮನಿಗೆ ಬಿಟ್ಟಿದ್ದನು. ಕತ್ತಲಲ್ಲಿ ನೀರು ಹಾಯಿಸಿ ಬೇಸತ್ತ ತಮ್ಮನು ನ್ಯಾಯ ಕೇಳಿದನು, ಅಣ್ಣನು ಬಿರುನುಡಿದನು. ತಮ್ಮನು ಹೆಂಡತಿ ಮಕ್ಕಳೊಡನೆ ಸಿಂದಗಿಗೆ ಹೊರಟುಹೋದನು.

ಮರುದಿನ ಸೊಸೆ ಹಾಳೆ ಹರಿಯಲು ಕೈಯೆತ್ತಿದಾಗ ಮುದುಕಿ ತಡೆದಳು. "ಹರೀಬ್ಯಾಡವ್ವಾ. ಈ ಮನೀಗೆ ಕ್ಷಮಾವಣಿ ಇನ್ನೂ ಬಂದಿಲ್ಲ."

ಅಡುಗೆಮನೆಗೆ ವರ್ಷವರ್ಷವೂ ಹೊಸ ಕ್ಯಾಲೆಂಡರು ಬಂದಿತು. ಅಷ್ಟಮಿ, ಚತುರ್ದಶಿಯ ಉಪವಾಸಗಳು ನಡೆದವು. ಪ್ರತಿ ಕ್ಷಮಾವಣಿಯಂದು ಅಣ್ಣನು ಬಸದಿಯಲ್ಲಿ ಕಂಡಕಂಡವರಿಗೆಲ್ಲ ಕೈಮುಗಿದು ಕ್ಷಮೆ ಬೇಡಿದನು. ಅವರಲ್ಲಿ ಯಾರಿಗೂ ಅವನು ತಪ್ಪು ಮಾಡಿರಲಿಲ್ಲ.

2025ರ ಚಾತುರ್ಮಾಸ್ಯದ ಒಂದು ಸಂಜೆ ಸ್ವಾಧ್ಯಾಯದಲ್ಲಿ ಕ್ರೋಧದ ನಾಲ್ಕು ಬಗೆಗಳ ಪ್ರಸಂಗ ಬಂದಿತು. ನೀರಿನ ಮೇಲಿನ ಗೆರೆಯಂತಹ ಸಂಜ್ವಲನದ ವಾಸನೆ ಅಂತರ್ಮುಹೂರ್ತದಲ್ಲಿ, ಎಂದರೆ 48 ನಿಮಿಷದೊಳಗೆ ಅಳಿಯುವುದು. ಧೂಳಿನ ಗೆರೆಯಂತಹ ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ. ನೆಲದ ಬಿರುಕಿನಂತಹ ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನೂ ಮೀರಿದುದು ಕಲ್ಲಿನ ಗೆರೆ, ಅನಂತಾನುಬಂಧಿ. ಅದು ಸಮ್ಯಕ್ತ್ವವನ್ನೇ ಕೆಡಿಸುವುದು.

ಅಣ್ಣನು ಮನದಲ್ಲೇ ಲೆಕ್ಕ ಹಾಕಿದನು. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಾಯಿಬಿಟ್ಟಿದ್ದ ಅವನ ಎರೆಹೊಲದ ಬಿರುಕುಗಳು ಮಳೆಗೆ ಕೂಡಿಕೊಂಡಿದ್ದವು. ತನ್ನದು ಆರು ವರ್ಷಕ್ಕೆ ಬಂದಿತ್ತು.

ಬೆಳಗಿನ ಬಸ್ಸಿಗೆ ಸಿಂದಗಿಗೆ ಹೋಗಿ ತಮ್ಮನ ಬಾಗಿಲಲ್ಲಿ ನಿಂತನು. "ತಪ್ಪು ನಂದಪಾ. ಕ್ಷಮಾ ಮಾಡು."

ತಮ್ಮನು ಬಹಳ ಹೊತ್ತು ಸುಮ್ಮನಿದ್ದು ಕೇಳಿದನು: "ಅಣ್ಣಾ, ನೀರಿನ ಪಾಳಿ?"

ಮಾತು ಸಾಲದೆಂದು ಅಣ್ಣನಿಗೆ ಆಗ ತಿಳಿಯಿತು. "ಒಂದು ವಾರ ಹಗಲು ನಿಂದು, ರಾತ್ರಿ ನಂದು. ಮುಂದಿನ ವಾರ ಅದಲು ಬದಲು. ಮೊದಲನೇ ಹಗಲು ನಿಂದೇ."

ಮುಂದಿನ ಭಾನುವಾರ ತಮ್ಮನು ಇಂಡಿಯ ಮನೆಗೆ ಬಂದನು. ತಾಯಿ ಏನನ್ನೂ ಕೇಳದೆ ಗೋಡೆಯತ್ತ ಕೈ ತೋರಿದಳು. ಅಣ್ಣನು ಹಾಳೆಗೆ ಕೈಯಿಟ್ಟು, ಹಿಂದೆಗೆದು, ತಮ್ಮನಿಗೆ ದಾರಿ ಬಿಟ್ಟನು. ನೋಯಿಸಿದವನು ಬೇಡಬಹುದು, ಹಾಳೆ ಹರಿಯುವ ಅಧಿಕಾರ ನೊಂದವನದು.

ಬಣ್ಣಗೆಟ್ಟ ಹಾಳೆಯ ಕೆಳಗೆ 13ನೆಯ ತಾರೀಖು ಅಚ್ಚ ಬಿಳಿಯಾಗಿತ್ತು.