ಬೋನಸ್ಸಿಗೊಂದು ಹೊಸ ಸಾಲು

ಷೇರು ಕೊಂಡವರಲ್ಲಿ ಹೆಚ್ಚಿನವರಿಗೆ ಬೆಲೆ ಏರುವುದನ್ನು ನೋಡುವುದೇ ಸುಖ. ನನಗೆ ಸುಖ ಸಿಗುವುದು ಬೆಲೆಯ ಗಲಾಟೆಯೆಲ್ಲ ಮುಗಿದ ಮೇಲೆ, ಭಾನುವಾರ ಬೆಳಿಗ್ಗೆ ಹಳೆಯ ಕಾಂಟ್ರ್ಯಾಕ್ಟ್ ನೋಟುಗಳನ್ನು ಹರವಿಕೊಂಡು ಲೆಕ್ಕದ ಪುಸ್ತಕ ತೆರೆದಾಗ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಷೇರು, ಯಾವ ದರಕ್ಕೆ ಎಂಬುದೆಲ್ಲ ಆ ನೋಟಿನಲ್ಲಿ ಅಚ್ಚಾಗಿರುತ್ತದೆ. ಆರ್ಡರ್ ನಂಬರ್, ಟ್ರೇಡ್ ನಂಬರ್ ಕೂಡ ಇರುತ್ತವೆ. ಕೊಂಡದ್ದು ಕೊಂಡಷ್ಟೇ ಇದ್ದರೆ ಅದನ್ನು ನೋಡಿ ಬರೆದುಕೊಂಡರೆ ಕೆಲಸ ಮುಗಿಯಿತು. ಕಂಪನಿ ನಡುವೆ ಬೋನಸ್ ಕೊಟ್ಟು, ಮುಖಬೆಲೆಯನ್ನೂ ಒಡೆದಾಗ ಮಾತ್ರ ಈ ಕೆಲಸಕ್ಕೆ ನಿಜವಾದ ರುಚಿ ಬರುತ್ತದೆ.

ಏಕೆಂದರೆ ಬೋನಸ್ಸಿಗಾಗಲಿ ಸ್ಪ್ಲಿಟ್ಟಿಗಾಗಲಿ ಕಾಂಟ್ರ್ಯಾಕ್ಟ್ ನೋಟ್ ಬರುವುದೇ ಇಲ್ಲ. ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಕೊಂಡಿರುವುದಿಲ್ಲ. ನೋಟಿನಲ್ಲಿ ಹದಿನಾರು ಷೇರು ಎಂದಿದ್ದರೆ ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ನೂರ ಅರವತ್ತು ಕೂತಿರುತ್ತವೆ. ಡಿಮ್ಯಾಟ್ ಸ್ಟೇಟ್‌ಮೆಂಟಿಗೆ ಎಣಿಕೆ ಗೊತ್ತು, ಕೊಟ್ಟ ಹಣ ಗೊತ್ತಿಲ್ಲ. ಕಾಂಟ್ರ್ಯಾಕ್ಟ್ ನೋಟಿಗೆ ಹಣ ಗೊತ್ತು, ಆಮೇಲೆ ಆದದ್ದು ಗೊತ್ತಿಲ್ಲ. ಇವೆರಡರ ನಡುವೆ ಏನು ನಡೆಯಿತೆಂದು ಹೇಳುವುದು ಕಂಪನಿ ಷೇರು ವಿನಿಮಯ ಕೇಂದ್ರಕ್ಕೆ ಕೊಟ್ಟ ಪ್ರಕಟಣೆ: ಅನುಪಾತ ಎಷ್ಟು, ರೆಕಾರ್ಡ್ ಡೇಟ್ ಯಾವುದು ಎಂದು. ಈ ಮೂರು ಕಾಗದಗಳನ್ನು ಎದುರೆದುರು ಇಟ್ಟು ಒಂದಕ್ಕೊಂದು ತಾಳೆಯಾಗುವಂತೆ ಮಾಡುವುದೇ ನನಗೆ ಪ್ರಿಯವಾದ ಕೆಲಸ.

ಕಳೆದ ಬಾರಿ ಭಾವನ ಲೆಕ್ಕ ನನ್ನ ಕೈಗೆ ಬಂತು. ಅವರಲ್ಲಿದ್ದದ್ದು ಬಜಾಜ್ ಫೈನಾನ್ಸ್ ಷೇರು. ಆ ಕಂಪನಿ 2025ರಲ್ಲಿ ಎರಡನ್ನೂ ಒಟ್ಟಿಗೇ ಮಾಡಿತು. 2 ರೂಪಾಯಿ ಮುಖಬೆಲೆಯ ಒಂದು ಷೇರನ್ನು 1 ರೂಪಾಯಿಯ ಎರಡು ಷೇರುಗಳಾಗಿ ಒಡೆದು, ಹಾಗೆ ಒಡೆದ ಪ್ರತಿ ಒಂದು ಷೇರಿಗೆ ನಾಲ್ಕು ಬೋನಸ್ ಷೇರು ಕೊಟ್ಟಿತು. ರೆಕಾರ್ಡ್ ಡೇಟ್ ಜೂನ್ 16. ಒಂದಿದ್ದದ್ದು ಎರಡಾಯಿತು, ಎರಡು ಹತ್ತಾಯಿತು. ಆ ದಿನ ಬೆಳಿಗ್ಗೆ ಬೆಲೆ ಸುಮಾರು ಹತ್ತನೇ ಒಂದಕ್ಕೆ ಇಳಿದಿತ್ತು, ಹೊಸ ಷೇರುಗಳು ಖಾತೆಗೆ ಇನ್ನೂ ಬಂದಿರಲಿಲ್ಲ. ಇಂಥ ಒಂದೆರಡು ದಿನ ಆ್ಯಪ್‌ನಲ್ಲಿ ಹಣವೆಲ್ಲ ಕರಗಿಹೋದ ಹಾಗೆ ಕಾಣುತ್ತದೆ. ಷೇರುಗಳು ಖಾತೆಗೆ ಜಮೆಯಾಗುವ ತನಕ ಪುಸ್ತಕ ಮುಟ್ಟಬಾರದು.

ಭಾವನ ಹತ್ತಿರ ಎರಡು ಕಾಂಟ್ರ್ಯಾಕ್ಟ್ ನೋಟುಗಳಿದ್ದವು. ಮೊದಲನೆಯದು 2020ರ ಮೇ ತಿಂಗಳದು: 2,000 ರೂಪಾಯಿಯಂತೆ 10 ಷೇರು. ಎರಡನೆಯದು 2025ರ ಫೆಬ್ರುವರಿಯದು: 8,500ರಂತೆ 6 ಷೇರು. ನೋಟಿನಲ್ಲಿ ನಾನು ಮೊದಲು ನೋಡುವುದು ದರವನ್ನಲ್ಲ, ಕೆಳಗಿನ ಸಣ್ಣ ಸಾಲುಗಳನ್ನು. ಬ್ರೋಕರೇಜ್, ಅದರ ಮೇಲಿನ ಜಿಎಸ್‌ಟಿ, ವಿನಿಮಯ ಕೇಂದ್ರದ ಶುಲ್ಕ, ಸೆಬಿ ಶುಲ್ಕ, ಸ್ಟ್ಯಾಂಪ್ ಡ್ಯೂಟಿ, ಕೊನೆಗೆ ಎಸ್‌ಟಿಟಿ. ಇವುಗಳಲ್ಲಿ ಎಸ್‌ಟಿಟಿಯನ್ನು ಬಿಟ್ಟು ಉಳಿದದ್ದೆಲ್ಲ ಕೊಂಡ ವೆಚ್ಚಕ್ಕೆ ಸೇರುತ್ತದೆ. ಬಂಡವಾಳ ಲಾಭದ ಲೆಕ್ಕದಲ್ಲಿ ಎಸ್‌ಟಿಟಿಯನ್ನು ವೆಚ್ಚವಾಗಿ ತೋರಿಸಲು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಹಾಗಾಗಿ ಬ್ಯಾಂಕಿನಿಂದ ಹೋದ ಮೊತ್ತವನ್ನೇ ವೆಚ್ಚವೆಂದು ಬರೆದುಕೊಂಡರೆ ಅಷ್ಟರಮಟ್ಟಿಗೆ ಲೆಕ್ಕ ತಪ್ಪುತ್ತದೆ. ಮೊದಲ ನೋಟಿನಲ್ಲಿ 20,000ಕ್ಕೆ ಎಸ್‌ಟಿಟಿ 20, ಉಳಿದ ಖರ್ಚು 80. ಬ್ಯಾಂಕಿನಿಂದ ಹೋದದ್ದು 20,100, ಪುಸ್ತಕಕ್ಕೆ ಬರಬೇಕಾದದ್ದು 20,080. ಎರಡನೆಯದರಲ್ಲಿ 51,000ದ ಜೊತೆಗೆ ಎಸ್‌ಟಿಟಿ ಬಿಟ್ಟು ಉಳಿದ ಖರ್ಚು 192. ಪುಸ್ತಕಕ್ಕೆ 51,192. ಒಂದೇ ದಿನ ಬೇರೆ ಕಂಪನಿಯ ಷೇರನ್ನೂ ಕೊಂಡಿದ್ದರೆ ಜಿಎಸ್‌ಟಿ, ಸ್ಟ್ಯಾಂಪ್ ಡ್ಯೂಟಿಗಳು ನೋಟಿನ ಕೆಳಗೆ ಒಟ್ಟು ಮೊತ್ತವಾಗಿಯೇ ಇರುವುದುಂಟು. ಆಗ ಖರೀದಿಯ ಮೌಲ್ಯಕ್ಕೆ ತಕ್ಕಂತೆ ಪಾಲು ಹಾಕಿಕೊಳ್ಳಬೇಕು.

ಇನ್ನು ಸ್ಪ್ಲಿಟ್. ನಮ್ಮ ಕಡೆ ಜಮೀನು ಪೋಡಿ ಆಗುವ ಹಾಗೆ ಇದು. ಮಣ್ಣು ಅದೇ, ಮೂಲ ಕ್ರಯಪತ್ರವೂ ಅದೇ, ತುಂಡುಗಳು ಮಾತ್ರ ಎರಡು, ನಂಬರ್ ಮಾತ್ರ ಹೊಸದು. ಷೇರಿನ ಮುಖಬೆಲೆ ಬದಲಾದಾಗ ಅದರ ಐಎಸ್‌ಐಎನ್ ಎಂಬ ಹನ್ನೆರಡು ಅಕ್ಷರದ ಗುರುತೂ ಬದಲಾಗುತ್ತದೆ. ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ಹಳೆಯ ಐಎಸ್‌ಐಎನ್‌ನಲ್ಲಿದ್ದ 16 ಷೇರು ಖರ್ಚಾಗಿ, ಹೊಸ ಐಎಸ್‌ಐಎನ್‌ನಲ್ಲಿ 32 ಜಮೆಯಾಗಿರುವುದನ್ನು ಕಣ್ಣಾರೆ ನೋಡಬಹುದು. ಇದನ್ನು ಅರಿಯದ ಲೆಕ್ಕದ ತಂತ್ರಾಂಶ ಹಳೆಯ ಖರೀದಿಯನ್ನೂ ಹೊಸ ಮಾರಾಟವನ್ನೂ ಜೋಡಿಸಲಾರದೆ ಕೈಚೆಲ್ಲುತ್ತದೆ. ಎಲ್ಲಿಂದಲೋ ಬಂದ 32 ಷೇರು, ಎಲ್ಲಿಗೋ ಹೋದ 16 ಷೇರು ಎಂಬಂತೆ ತೋರಿದರೆ ಕಾರಣ ಇದೇ.

ಸ್ಪ್ಲಿಟ್‌ಗೆ ವೆಚ್ಚವನ್ನು ಹಂಚಬೇಕು, ದಿನಾಂಕವನ್ನು ಮುಟ್ಟಬಾರದು. ಮೊದಲ ಸಾಲಿನ 10 ಷೇರು 20 ಆಯಿತು, 20,080ನ್ನು ಇಪ್ಪತ್ತಕ್ಕೆ ಹಂಚಿದರೆ ಒಂದಕ್ಕೆ 1,004. ಎರಡನೆಯ ಸಾಲಿನ 6 ಷೇರು 12 ಆಯಿತು, ಒಂದಕ್ಕೆ 4,266. ಮೊದಲನೆಯವು ಇವತ್ತಿಗೂ 2020ರ ಮೇ ತಿಂಗಳಲ್ಲಿ ಕೊಂಡ ಷೇರುಗಳೇ.

ಬೋನಸ್ ಬಂದಾಗ ಕೈ ತನ್ನಷ್ಟಕ್ಕೆ ಮತ್ತೊಮ್ಮೆ ಹಂಚಲು ಹೋಗುತ್ತದೆ. ಹಂಚಬಾರದು. ತೆರಿಗೆಯ ಲೆಕ್ಕದಲ್ಲಿ ಬೋನಸ್ ಷೇರಿನ ವೆಚ್ಚ ಸೊನ್ನೆ, ಅದರ ಹುಟ್ಟಿದ ದಿನ ಹಂಚಿಕೆಯಾದ ದಿನ. ಆದ್ದರಿಂದ ನಾನು ಹಳೆಯ ಸಾಲುಗಳನ್ನು ಹಾಗೆಯೇ ಬಿಟ್ಟು ಕೆಳಗೆ ಹೊಸದೊಂದು ಸಾಲು ಎಳೆಯುತ್ತೇನೆ: ಜೂನ್ 2025, 128 ಷೇರು, ವೆಚ್ಚ 0. ಮೂವತ್ತೆರಡಕ್ಕೆ ನಾಲ್ಕರಂತೆ ನೂರ ಇಪ್ಪತ್ತೆಂಟು, ಎಲ್ಲ ಸೇರಿ 160. ಡಿಮ್ಯಾಟ್ ಹೇಳುವ ಎಣಿಕೆಗೆ ಇದು ಸರಿಯಾಗಿ ಕೂತಾಗ ಆಗುವ ತೃಪ್ತಿಯನ್ನು ನಾನು ಬೇರೆ ಯಾವ ಹವ್ಯಾಸದಲ್ಲೂ ಕಂಡಿಲ್ಲ.

ಭಾವನ ಆ್ಯಪ್ ಮಾತ್ರ ಎಲ್ಲವನ್ನೂ ಒಟ್ಟು ಸೇರಿಸಿ, 71,272ನ್ನು 160ಕ್ಕೆ ಹಂಚಿ, ಸರಾಸರಿ 445 ರೂಪಾಯಿ 45 ಪೈಸೆ ಎಂದು ತೋರಿಸುತ್ತಿತ್ತು. ಒಟ್ಟಾರೆ ನಾವು ಮುಂದಿದ್ದೇವೋ ಹಿಂದಿದ್ದೇವೋ ಎಂದು ತಿಳಿಯಲು ಆ ಅಂಕಿ ಸಾಕು. ಮಾರಿದ ದಿನ ಅದು ಕೈಕೊಡುತ್ತದೆ. ಸೆಪ್ಟೆಂಬರ್ ಕೊನೆಗೆ ಅವರು 1,000 ರೂಪಾಯಿಯಂತೆ 40 ಷೇರು ಮಾರಿದರು. ಸರಾಸರಿ ಹಿಡಿದರೆ 22,182 ರೂಪಾಯಿ ಲಾಭ. ಆದರೆ ಡಿಮ್ಯಾಟ್ ಷೇರಿಗೆ ನಿಯಮ ಬೇರೆ. ಖಾತೆಗೆ ಮೊದಲು ಬಂದದ್ದು ಮೊದಲು ಹೋಗಬೇಕು. ಹಾಗಾಗಿ ಆ ನಲವತ್ತರಲ್ಲಿ ಮೊದಲು ಹೋದವು 2020ರ 20 ಷೇರು, ಆಮೇಲೆ ಫೆಬ್ರುವರಿಯ 12, ಕೊನೆಗೆ ಬೋನಸ್ಸಿನ 8.

ಮಾರಾಟದ ಖರ್ಚನ್ನು ಸದ್ಯ ಬದಿಗಿಟ್ಟು ಬರೆದೆ. ಮೊದಲ ಇಪ್ಪತ್ತರಲ್ಲಿ ಷೇರಿಗೆ ನಾಲ್ಕು ರೂಪಾಯಿ ನಷ್ಟ, ಒಟ್ಟು 80, ದೀರ್ಘಾವಧಿಯದು. ಫೆಬ್ರುವರಿಯ ಹನ್ನೆರಡರಲ್ಲಿ ಷೇರಿಗೆ 3,266ರಂತೆ 39,192 ನಷ್ಟ, ಅಲ್ಪಾವಧಿಯದು. ಬೋನಸ್ಸಿನ ಎಂಟರಲ್ಲಿ 8,000 ಪೂರ್ತಿ ಲಾಭ, ಅದೂ ಅಲ್ಪಾವಧಿಯದು.

ಭಾವ ಕನ್ನಡಕ ಸರಿಪಡಿಸಿಕೊಂಡು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. "ಏನೋ ಇದು, ಆ್ಯಪ್ ಇಪ್ಪತ್ತೆರಡು ಸಾವಿರ ಲಾಭ ಅಂತಿದೆ, ನೀನು ನಷ್ಟ ಅಂತ ಬರೀತಿದೀಯಲ್ಲ?"

"ತೆರಿಗೆ ತಪ್ಪಿಹೋಗಲಿಲ್ಲ ಭಾವ, ಮುಂದಕ್ಕೆ ಹೋಯ್ತು ಅಷ್ಟೆ. ನಿಮ್ಮ ವೆಚ್ಚದ 71,272 ರೂಪಾಯಿಯೂ ಆ ಮೂವತ್ತೆರಡು ಷೇರಿನಲ್ಲೇ ಖರ್ಚಾಗಿಹೋಯ್ತು. ಇನ್ನು ಉಳಿದಿರೋ 120ಕ್ಕೆ ವೆಚ್ಚ ಅನ್ನೋದೇ ಇಲ್ಲ. ಯಾವಾಗ ಮಾರಿದ್ರೂ ಬಂದದ್ದೆಲ್ಲ ಲಾಭವೇ."

ಅವರು ಪೂರ್ತಿ 160ನ್ನೂ ಅದೇ ಬೆಲೆಗೆ ಮಾರಿದ್ದರೆ ಎರಡೂ ದಾರಿಯಲ್ಲಿ ಲಾಭ 88,728 ಎಂದೇ ಬರುತ್ತಿತ್ತು. ಅದನ್ನೂ ಪಕ್ಕದಲ್ಲಿ ಬರೆದು ತೋರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು. ಒಟ್ಟು ಒಂದೇ, ಯಾವ ವರ್ಷದ ಬುಟ್ಟಿಗೆ ಎಷ್ಟು ಎಂಬುದಷ್ಟೇ ಬೇರೆ.

ಇಷ್ಟು ದೊಡ್ಡ ನಷ್ಟ ಕಾಣಿಸಿದಾಗ ನಾನು ತಪ್ಪದೆ ನೋಡುವುದು ಕೊಂಡ ದಿನಾಂಕವನ್ನು. ರೆಕಾರ್ಡ್ ಡೇಟ್‌ಗೆ ಮುಂಚಿನ ಮೂರು ತಿಂಗಳೊಳಗೆ ಕೊಂಡು, ಅದಾದ ಒಂಬತ್ತು ತಿಂಗಳೊಳಗೆ ಮೂಲ ಷೇರುಗಳನ್ನು ಮಾರಿ, ಬೋನಸ್ಸನ್ನು ಪೂರ್ತಿಯೋ ಸ್ವಲ್ಪವೋ ಉಳಿಸಿಕೊಂಡರೆ ಆ ನಷ್ಟವನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಅದು ಉಳಿದ ಬೋನಸ್ ಷೇರುಗಳ ವೆಚ್ಚವಾಗುತ್ತದೆ. ಮೊದಲು ಮ್ಯೂಚುವಲ್ ಫಂಡ್ ಯೂನಿಟ್‌ಗಳಿಗೆ ಇದ್ದ ಈ ನಿಯಮವನ್ನು 2022ರ ಬಜೆಟ್ ಷೇರುಗಳಿಗೂ ವಿಸ್ತರಿಸಿತು. ಭಾವ ಕೊಂಡದ್ದು ಫೆಬ್ರುವರಿಯಲ್ಲಿ, ಜೂನ್ 16ಕ್ಕೆ ಮೂರು ತಿಂಗಳು ದಾಟಿತ್ತು. ಏಪ್ರಿಲ್‌ನಲ್ಲಿ ಕೊಂಡಿದ್ದರೆ ಆ 39,192 ಈ ವರ್ಷದ ಪಟ್ಟಿಯಿಂದ ಎದ್ದು ಬೋನಸ್ಸಿನ ಸಾಲಿಗೆ ಹೋಗಿ ಕೂರುತ್ತಿತ್ತು. ಕಾಂಟ್ರ್ಯಾಕ್ಟ್ ನೋಟಿನ ತಲೆಯಲ್ಲಿರುವ ದಿನಾಂಕಕ್ಕೆ ಇಷ್ಟು ತೂಕವಿದೆ.

2018ರ ಜನವರಿ 31ರವರೆಗೆ ಈ ಷೇರನ್ನು ಕೊಂಡವರ ಪುಸ್ತಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವರಿಗೆ ಕೊಂಡ ವೆಚ್ಚದ ಬದಲು ಆ ದಿನದ ಅತಿ ಹೆಚ್ಚಿನ ಬೆಲೆಯನ್ನು, ಮಾರಿದ ಬೆಲೆಯ ಮಿತಿಯೊಳಗೆ, ಹಿಡಿಯುವ ಅವಕಾಶವಿದೆ. ಆ ಬೆಲೆ ಒಡೆಯದ ಷೇರಿನದು. ಹಾಗಾಗಿ ಇಂದಿನ ಷೇರಿಗೆ ಹೊಂದಿಸಲು ಭಾಗಿಸಬೇಕು, ಆದರೆ ಎರಡರಿಂದ ಮಾತ್ರ. ಒಂದು ಹತ್ತಾಯಿತಲ್ಲ ಎಂದು ಹತ್ತರಿಂದ ಭಾಗಿಸುವವರನ್ನು ನೋಡಿದ್ದೇನೆ. ಸ್ಪ್ಲಿಟ್ ಹಳೆಯ ಷೇರನ್ನು ಒಡೆಯುತ್ತದೆ, ಬೋನಸ್ ಅದರ ಪಕ್ಕದಲ್ಲಿ ಹೊಸದನ್ನು ಇಡುತ್ತದೆ. ಆ ದಿನದ ನಂತರ ಬಂದ ಬೋನಸ್ಸಿಗೆ ಆ ಬೆಲೆಯ ನೆರವು ಸಿಗುವುದಿಲ್ಲ.

ಎಲ್ಲ ಅನುಪಾತಗಳೂ ಹೀಗೆ ಪೂರ್ಣಾಂಕದಲ್ಲಿ ಮುಗಿಯುವುದಿಲ್ಲ. ನಮ್ಮ ಬೆಂಗಳೂರಿನ ವಿಪ್ರೋ 2019ರಲ್ಲಿ ಮೂರು ಷೇರಿಗೆ ಒಂದರಂತೆ ಬೋನಸ್ ಕೊಟ್ಟಿತು. ಹತ್ತು ಷೇರು ಇದ್ದವರಿಗೆ ಮೂರು ಬಂತು, ಉಳಿದ ಮೂರನೇ ಒಂದು ಭಾಗ ಷೇರಾಗಿ ಬರಲಾರದು. ಅಂಥ ತುಣುಕುಗಳನ್ನು ಒಟ್ಟುಗೂಡಿಸಿ ಮಾರಿ, ಬಂದ ಹಣವನ್ನು ಪಾಲಿನಂತೆ ಬ್ಯಾಂಕ್ ಖಾತೆಗೆ ಹಾಕುವುದು ರೂಢಿ. ಪಾಸ್‌ಬುಕ್ಕಿನಲ್ಲಿ ಡಿವಿಡೆಂಡ್ ಎಂದುಕೊಂಡ ಒಂದು ಚಿಲ್ಲರೆ ಮೊತ್ತ ಪ್ರಕಟಿತ ಡಿವಿಡೆಂಡ್ ದರಕ್ಕೆ ಹೊಂದದಿದ್ದರೆ ಬೋನಸ್ ತುಣುಕಿನ ಹಣವೋ ಎಂದು ನೋಡಬೇಕು. ಎರಡು ಡಿಮ್ಯಾಟ್ ಖಾತೆ ಇದ್ದವರಿಗಂತೂ ಪ್ರತಿ ಖಾತೆಗೂ ಬೇರೆ ಬೇರೆ ಸರದಿ. ಒಂದರಿಂದ ಮಾರಿದಾಗ ಇನ್ನೊಂದರಲ್ಲಿರುವ ಹಳೆಯ ಷೇರು ಅಲ್ಲಾಡುವುದಿಲ್ಲ.

ಭಾವನ ಪುಸ್ತಕದಲ್ಲಿ ಮೇಲಿನ ಎರಡು ಸಾಲುಗಳಿಗೂ ಕೆಂಪು ಗೆರೆ ಎಳೆದು, ಬೋನಸ್ಸಿನ ಸಾಲಿನಲ್ಲಿ 128 ಹೊಡೆದು 120 ಎಂದು ಬರೆದೆ. ವೆಚ್ಚದ ಕಲಮಿನಲ್ಲಿ ಸೊನ್ನೆಯನ್ನು ದಪ್ಪವಾಗಿ ತಿದ್ದಿದೆ, ಖಾಲಿ ಬಿಟ್ಟರೆ ಮುಂದೆ ಯಾರಾದರೂ ಸರಾಸರಿಯನ್ನು ತುಂಬಿಬಿಟ್ಟಾರು. ಹಂಚಿಕೆಯ ತಾರೀಖಿನಿಂದ ಹನ್ನೆರಡು ತಿಂಗಳು ದಾಟಿದ ಮೇಲೆ ಮಾರಿದರೆ ಇವು ದೀರ್ಘಾವಧಿಗೆ ಸೇರುತ್ತವೆಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಎರಡೂ ಕಾಂಟ್ರ್ಯಾಕ್ಟ್ ನೋಟುಗಳನ್ನು, ಕಂಪನಿಯ ಪ್ರಕಟಣೆಯ ಪ್ರತಿಯನ್ನು ಮತ್ತು ಜೂನ್ ತಿಂಗಳ ಡಿಮ್ಯಾಟ್ ಸ್ಟೇಟ್‌ಮೆಂಟನ್ನು ಒಟ್ಟಿಗೆ ಪಿನ್ ಮಾಡಿ ಅವರ ಕೈಗೆ ಕೊಟ್ಟೆ. ಅಷ್ಟರಲ್ಲಿ ಅವರು ಇನ್ನೊಂದು ಲಕೋಟೆ ತೆಗೆದರು. ಅದರಲ್ಲಿದ್ದದ್ದು ವಿಪ್ರೋದ ಹಳೆಯ ನೋಟುಗಳು.