ಕಾರು ತೇಲಿದ್ದು ಘಟ್ಟದಲ್ಲಲ್ಲ

ನಮ್ಮ ಸಣ್ಣತ್ತಿಗೆ ಈ ಬೇಸಿಗೇಲಿ ಕಾರು ಕಲಿತು ಲೈಸೆನ್ಸ್ ತಗೊಂಡ್ರು. ಮೊನ್ನೆ ಫೋನ್ ಮಾಡಿ, "ಮಳೆಗಾಲದಲ್ಲಿ ಆಗುಂಬೆ ಘಟ್ಟ ಇಳಿಬಹುದನೇ? ನಂಗೆ ಆ ತಿರುವುಗಳದ್ದೇ ಹೆದರಿಕೆ" ಅಂದ್ರು. "ತಿರುವಲ್ಲಿ ನಂಗೆಂತದೂ ಆಗಿಲ್ಲ ಅತ್ತಿಗೆ, ಆಗಿದ್ದು ನೆಟ್ಟಗಿನ ರಸ್ತೇಲಿ" ಅಂದೆ. ಫೋನಲ್ಲಿ ಅರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿ ಬರೀತೀನಿ.

ಹೋದ ವರ್ಷ ಜುಲೈ. ಅಮ್ಮನ ಕಣ್ಣಿನ ಆಪರೇಷನ್ ಆಗಿತ್ತು, ಮತ್ತೆ ತೋರಿಸಲಿಕ್ಕೆ ಮಣಿಪಾಲಕ್ಕೆ ಹೋಗಬೇಕಿತ್ತು. ತೀರ್ಥಹಳ್ಳಿಯಿಂದ ಬೆಳಿಗ್ಗೆ ಹೊರಟ್ವಿ. ಘಟ್ಟದ 14 ತಿರುವನ್ನೂ ಸಣ್ಣ ಗೇರಲ್ಲಿ, ಉಸಿರು ಬಿಗಿ ಹಿಡಿದು ಇಳಿಸಿದೆ. ಸೋಮೇಶ್ವರ ದಾಟಿ, ಹೆಬ್ರಿಯೂ ದಾಟಿದ ಮೇಲೆ "ಅಬ್ಬಾ, ಕಷ್ಟದ್ದು ಮುಗೀತು" ಅನ್ನಿಸಿತು. ಡಾಕ್ಟರ ಹತ್ರ ಹೇಳಿದ ಹೊತ್ತು ಮೀರ್ತಾ ಇತ್ತು. ಮಳೆ ಧೋ ಅಂತ ಸುರೀತಾ ಇದ್ರೂ ರಸ್ತೆ ನೆಟ್ಟಗೆ ಕಾಣ್ತಿತ್ತಲ್ಲ, 75ಕ್ಕೆ ಏರಿಸಿದೆ.

ಒಂದು ಕಡೆ ರಸ್ತೆ ಚೂರು ತಗ್ಗು. ಗದ್ದೆ ನೀರು ಅಡ್ಡ ಹರಿದು ಅಲ್ಲಿ ನಿಂತಿತ್ತು. ಅದರ ಮೇಲೆ ಹೋಗಿದ್ದೇ ಸ್ಟೇರಿಂಗ್ ಕೈಯಲ್ಲಿ ಹಗುರ ಆಗಿಬಿಡ್ತು. ಬಾವಿಗೆ ಬಿಟ್ಟ ಕೊಡ ಹಗ್ಗದಿಂದ ಕಳಚಿಕೊಂಡ್ರೆ ಹೇಗಾಗುತ್ತೆ, ಹಾಗೆ. ಅಲ್ಲಿವರೆಗೆ ಚಕ್ರದ ಬುಡದಲ್ಲಿ ಬರ್ತಿದ್ದ ಶರ್ ಶಬ್ದ ನಿಂತು, ಎಂಜಿನ್ ಮಾತ್ರ ಒಮ್ಮೆಗೇ ಗುಂಯ್ ಅಂದಿತು. ಎದುರಿಂದ ದೂರದಲ್ಲಿ ಬಸ್ಸು ಬರ್ತಿತ್ತು. ಕಾಲು ತನ್ನಷ್ಟಕ್ಕೇ ಬ್ರೇಕಿನ ಮೇಲೆ ಹೋಯ್ತು. ಆದ್ರೆ ಒತ್ತಲಿಲ್ಲ. ಧೈರ್ಯ ಅಂತಲ್ಲ, ಹೆದರಿ ಕಾಲೇ ಮರಗಟ್ಟಿತ್ತು. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗೆ ಹಿಡಿದು ಕೂತೆ. ಎರಡೋ ಮೂರೋ ಸೆಕೆಂಡಿನ ಮೇಲೆ ಚಕ್ರಕ್ಕೆ ಮತ್ತೆ ನೆಲ ಸಿಕ್ಕಿತು.

ಹಿಂದೆ ಕೂತಿದ್ದ ಅಮ್ಮ ಒಂದೇ ಮಾತು ಅಂದದ್ದು: "ಕಾರು ನಿನ್ ಮಾತು ಕೇಳ್ಲಿಲ್ಲ ಅಲ್ಲನೇ?"

ಮಣಿಪಾಲದಲ್ಲಿ ಅಮ್ಮನ್ನ ತೋರಿಸಿ ಆದ ಮೇಲೆ ಸೀದಾ ಟೈರ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಮುಂದಿನ ಚಕ್ರದ ಗೀರುಗಳ ಒಳಗೆ ಬೆರಳಿಟ್ಟು ತೋರಿಸಿದ. "ಅಕ್ಕಾ, ಗೀರಿನ ತಳದಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬ ಇದೆಯಲ್ಲ, ಅದರ ಎತ್ತರ 1.6 ಮಿಲಿಮೀಟರ್. ಟೈರು ಸವೆದು ಅದರ ಸಮಕ್ಕೆ ಬಂತು ಅಂದ್ರೆ ಕಾನೂನು ಪ್ರಕಾರವೇ ಬದಲಾಯಿಸಬೇಕು. ನಮ್ಮ ಮಳೆಗೆ ಅಲ್ಲಿವರೆಗೂ ಕಾಯಬಾರದು, 3 ಮಿಲಿಮೀಟರಿಗೇ ಬದಲಾಯಿಸೋದು ಒಳ್ಳೇದು." ನನ್ನ ಮುಂದಿನ ಎರಡೂ ಹೆಚ್ಚುಕಮ್ಮಿ ದಿಬ್ಬದ ಸಮಕ್ಕೇ ಬಂದಿದ್ವು.

ಅವನು ಹೇಳಿದ್ದು ಹೀಗೆ. ಒಂದೊಂದು ಚಕ್ರ ನೆಲ ಮುಟ್ಟೋದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ರಸ್ತೆ ಮೇಲಿನ ನೀರನ್ನ ಆ ಗೀರುಗಳು ಕಾಲುವೆ ಥರ ಪಕ್ಕಕ್ಕೂ ಹಿಂದಕ್ಕೂ ದೂಡ್ತವೆ. ಗೀರು ಸವೆದಿದ್ರೆ, ಗಾಳಿ ಕಮ್ಮಿ ಇದ್ರೆ, ಇಲ್ಲಾ ವೇಗ ಜಾಸ್ತಿ ಆದ್ರೆ ದೂಡಲಿಕ್ಕೆ ಪುರಸೊತ್ತು ಸಿಗದೆ ನೀರು ಚಕ್ರದ ಅಡಿಗೇ ನುಗ್ಗಿ ಕಾರನ್ನ ಎತ್ತಿ ಹಿಡೀತದೆ. ಇದಕ್ಕೇ ಅಕ್ವಾಪ್ಲೇನಿಂಗ್ ಅನ್ನೋದು. ಆಗ ಬ್ರೇಕು ಹಾಕಿದ್ರೂ ಹಿಡೀಲಿಕ್ಕೆ ನೆಲವೇ ಇರಲ್ಲ. ಎಬಿಎಸ್ ಇದ್ರೂ ಅಷ್ಟೇ. ಗಾಬರಿಲಿ ಸ್ಟೇರಿಂಗ್ ತಿರುಗಿಸಿದ್ರೆ, ಚಕ್ರಕ್ಕೆ ನೆಲ ಸಿಕ್ಕಿದ ಕ್ಷಣ ಕಾರು ಆ ಕಡೆಗೆ ನುಗ್ಗುತ್ತೆ. ನನ್ನ ಕಾಲು ಮರಗಟ್ಟಿದ್ದೇ ಆ ದಿನ ನಮ್ಮನ್ನ ಉಳಿಸಿದ್ದು.

ಎರಡೇ ಹೊಸ ಟೈರು ಕೊಂಡೆ. ಮುಂದಕ್ಕೆ ಹಾಕ್ತಾನೆ ಅಂದ್ಕೊಂಡಿದ್ದೆ. ಅವನು ಹಿಂದಿದ್ದ ಸುಮಾರಾಗಿರೋ ಎರಡನ್ನ ಮುಂದಕ್ಕೆ ತಂದು, ಹೊಸವನ್ನ ಹಿಂದಕ್ಕೆ ಹಾಕಿದ. ಮುಂದಿನ ಚಕ್ರ ಜಾರಿದ್ರೆ ಕಾರು ನೆಟ್ಟಗೆ ಹೋಗುತ್ತೆ, ಕಾಲು ತೆಗೆದ್ರೆ ಸುಧಾರಿಸಬಹುದು. ಹಿಂದಿನದು ಜಾರಿದ್ರೆ ಕಾರು ಬುಗುರಿ ಥರ ತಿರುಗುತ್ತೆ, ಆಗ ನಮ್ಮಂಥವರಿಗೆ ಹಿಡಿಯೋಕಾಗಲ್ಲ. ಹೊಸ ಟೈರಿನ ಮೈ ಮೊದಮೊದಲು ಜಾರುತ್ತೆ, ನೂರಿನ್ನೂರು ಕಿಲೋಮೀಟರ್ ಓಡೋವರೆಗೆ ಹುಷಾರು ಅಂತಲೂ ಹೇಳಿ ಕಳಿಸಿದ.

ವಾಪಸ್ ಬರುವಾಗ ಘಟ್ಟದ ಬುಡದಲ್ಲೇ ಮಂಜು ಕವಿದಿತ್ತು. ಹೊಸ ಟೈರು ಇದೆಯಲ್ಲ ಅಂತ ಒಂದು ಕ್ಷಣ ಧೈರ್ಯ ಬಂತು. ಆದ್ರೆ ಟೈರು ಹಿಡಿತ ಕೊಡುತ್ತೆ, ಕಣ್ಣು ಕೊಡಲ್ಲ. ಎದುರಿಗೆ 20 ಮೀಟರ್ ಕಂಡ್ರೆ ಹೆಚ್ಚು. 20ರ ವೇಗದಲ್ಲಿದ್ರೆ, ಏನೋ ಕಂಡು ಕಾಲು ಬ್ರೇಕಿಗೆ ಹೋಗೋದೂ ಸೇರಿ, ಒದ್ದೆ ರಸ್ತೇಲಿ ಕಾರು 12-15 ಮೀಟರಲ್ಲಿ ನಿಲ್ಲುತ್ತೆ. 40ರಲ್ಲಿದ್ರೆ 30 ಮೀಟರ್ ಬೇಕು, ಅಂದ್ರೆ ಕಂಡ ಮೇಲೂ ಗುದ್ದೋದೇ. ಕಾಣೋ ಜಾಗದೊಳಗೆ ನಿಲ್ಲೋಕಾಗಬೇಕು, ಮಂಜಿನ ಲೆಕ್ಕ ಇಷ್ಟೇ.

ಮೊದಲು ಹೈಬೀಮ್ ಹಾಕಿ ನೋಡಿದೆ. ಬೆಳಕೆಲ್ಲ ಮಂಜಿನ ಹನಿಗೆ ಬಡಿದು ನನ್ನ ಮುಖಕ್ಕೇ ಬಂತು, ಬಿಳಿ ಪಂಚೆ ಅಡ್ಡ ಹಿಡಿದ ಹಾಗೆ. ಲೋ ಬೀಮಿಗೆ ಇಳಿಸಿ, ಬಂಪರಿನ ಫಾಗ್ ಲ್ಯಾಂಪ್ ಹಾಕಿದ ಮೇಲೆ ಎಡಗಡೆಯ ಬಿಳಿ ಗೆರೆ ಕಾಣಿಸಿತು. ಈಗಿನ ಕಾರುಗಳಲ್ಲಿ ಮುಂದೆ ತಾನೇ ಉರಿಯೋ ಸಣ್ಣ ಲೈಟನ್ನ ನಂಬಿ ಸುಮ್ಮನಾಗಬೇಡಿ. ಎಷ್ಟೋ ಕಾರುಗಳಲ್ಲಿ ಅದು ಉರಿದ್ರೂ ಹಿಂದಿನ ಕೆಂಪು ಲೈಟು ಉರಿಯಲ್ಲ, ಹೆಡ್‌ಲೈಟಿನ ಸ್ವಿಚ್ಚೇ ಹಾಕಬೇಕು. ನಾಲ್ಕೂ ಇಂಡಿಕೇಟರ್ ಮಿಣುಕಿಸ್ತಾ ಹೋಗೋದೂ ತಪ್ಪು. ನಿಂತಿದ್ದೀವೋ, ಯಾವ ಕಡೆ ತಿರುಗ್ತೀವೋ ಹಿಂದಿನವರಿಗೆ ಗೊತ್ತಾಗಲ್ಲ.

ನಮ್ಮ ಮುಂದೆ ಒಂದು ವ್ಯಾನ್ ಹೋಗ್ತಿತ್ತು. ಅದರ ಕೆಂಪು ಲೈಟು ಹಿಡ್ಕೊಂಡು ಹಿಂದೇ ಹೋಗೋಣ ಅಂತ ಆಸೆ ಆಗುತ್ತೆ. ಅದು ಗಕ್ಕನೆ ನಿಂತ್ರೆ ನಮಗೆ ನಿಲ್ಲೋಕೆ ಜಾಗ ಇರಲ್ಲ. ವ್ಯಾನು ದಾಟಿದ ಕಲ್ಲಿನ ಹತ್ರ ನಾವು ಬರೋಷ್ಟರಲ್ಲಿ "ಸಾವಿರದ ಒಂದು, ಸಾವಿರದ ಎರಡು" ಅಂತ ನಾಲ್ಕರವರೆಗೆ ಎಣಿಸೋಕಾಗಬೇಕು. ಒಣ ರಸ್ತೆಗೆ ಎರಡು ಸಾಕು, ಒದ್ದೆಗೆ ನಾಲ್ಕು. ಎಣಿಸೋದನ್ನ ಅಮ್ಮಂಗೇ ವಹಿಸಿದೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ್ದ ಅವಳು, "ನಂಗೆ ಕಲ್ಲೇ ಕಾಣ್ತಿಲ್ಲ, ನೀನು ಕಂಡಾಗ ಹೂಂ ಅನ್ನು, ನಾನು ಎಣಿಸ್ತೀನಿ" ಅಂದ್ಲು. ವ್ಯಾನ್ ಮಂಜಿನೊಳಗೆ ಮಾಯ ಆಯ್ತು, ಆಗ್ಲಿ ಅಂತ ಬಿಟ್ಟೆ. ಕಿಟಕಿ ಚೂರು ಇಳಿಸಿ, ತಿರುವಿಗೊಮ್ಮೆ ಹಾರ್ನ್ ಹೊಡೆದು, ಎದುರು ಹಾರ್ನ್ ಕೇಳುತ್ತಾ ಅಂತ ಕಿವಿಗೊಟ್ಟು ಹತ್ತಿಸಿದೆ. ಆಗುಂಬೆ ಮುಟ್ಟುವಾಗ ಕತ್ತಲೆ ಆಗಿತ್ತು.

ಅತ್ತಿಗೆ, ಘಟ್ಟ ಇಳಿಬಹುದು. ಆದ್ರೆ ಹೊರಡೋ ಮೊದಲು ನಾಲ್ಕೂ ಚಕ್ರದ ಗೀರಿಗೆ ಬೆರಳಿಟ್ಟು ನೋಡಿ, ಗಾಳಿ ತುಂಬಿಸಿ. ಹೆಬ್ರಿ ದಾಟಿದ ಮೇಲೆ "ಮುಗೀತು" ಅಂತ ಮಾತ್ರ ಅಂದ್ಕೋಬೇಡಿ.