ಕ್ಯೋಟೋ ಸ್ಟೇಷನ್ನಿನ ಟಿಕೆಟ್ ಮಷಿನ್

ಪ್ರೀತಿಯ ಅಕ್ಕನಿಗೆ,

ನಿನ್ನ ಫೋನಿಗೆ ಕಳಿಸಿದ ಫೋಟೋಗಳನ್ನು ತೆರೆದಿಟ್ಟುಕೊಂಡು ಈ ಪತ್ರ ಓದು. ಭಾವನವರು, ಮಕ್ಕಳ ಜೊತೆ ನೀನು ಇಲ್ಲಿಗೆ ಬಂದಾಗ ಫುಶಿಮಿ ಇನಾರಿಗೆ ಹೋಗೇ ಹೋಗುತ್ತೀಯ. ಬೆಟ್ಟದ ಮೇಲೆಲ್ಲ ಸಾಲುಸಾಲು ಕೆಂಪು ಕಮಾನುಗಳಿರುವ ದೇವಸ್ಥಾನ ಅದು. ಅಲ್ಲಿಗೆ ಜೆಆರ್ ನಾರಾ ಲೈನಿನಲ್ಲಿ ಇನಾರಿ ಸ್ಟೇಷನ್‌ಗೆ ಟಿಕೆಟ್ ತೆಗೆಯುವುದು ಹೇಗೆಂದು ಬರೆಯುತ್ತೇನೆ.

ಮೊದಲನೆಯ ಫೋಟೋದಲ್ಲಿರುವುದು ಮಷಿನ್ ಅಲ್ಲ, ಅದರ ಮೇಲೆ ಗೋಡೆಗೆ ಹಾಕಿರುವ ನಕ್ಷೆ. ಆರಂಭ ಅಲ್ಲಿಂದಲೇ. ಶಿವಮೊಗ್ಗದ ಕೌಂಟರಿನಲ್ಲಿ ನಾವು ಊರಿನ ಹೆಸರು ಹೇಳಿ ಟಿಕೆಟ್ ಕೇಳುತ್ತೇವೆ. ಇಲ್ಲಿ ಹತ್ತಿರದ ಊರಿಗಾದರೆ ಇಷ್ಟು ಯೆನ್‌ನ ಟಿಕೆಟ್ ಎಂದು ಕೊಳ್ಳುವುದು. ನಕ್ಷೆಯಲ್ಲಿ ಪ್ರತಿ ಸ್ಟೇಷನ್ನಿನ ಪಕ್ಕ ಒಂದು ಸಂಖ್ಯೆ ಇದೆ, ಅದೇ ದರ. ನಾನು ಫೋಟೋ ತೆಗೆದಾಗ ಇನಾರಿಗೆ 150 ಇತ್ತು. ದರ ಏರುತ್ತಿರುತ್ತದೆ, ಅಲ್ಲಿ ಹೋದಾಗ ನೀನೇ ನೋಡಿಕೋ.

ಎರಡನೆಯದು ಪರದೆ. ಜಪಾನಿ ಅಕ್ಷರ ನೋಡಿ ಗಾಬರಿಯಾಗಬೇಡ, English ಎಂಬ ಗುಂಡಿ ಅದರಲ್ಲೇ ಇದೆ. ಒತ್ತಿದರೆ ದರಗಳ ಸಾಲು ಬರುತ್ತದೆ. ಅದಕ್ಕೂ ಮೊದಲು ಬದಿಯಲ್ಲಿ ಮನುಷ್ಯರ ಚಿತ್ರವಿರುವ ಗುಂಡಿಗಳನ್ನು ನೋಡು. ದೊಡ್ಡ ಆಕೃತಿ ದೊಡ್ಡವರು, ಚಿಕ್ಕದು ಮಕ್ಕಳು. ನಿಮಗೆ ಬೇಕಾದದ್ದು ಎರಡು ದೊಡ್ಡದು, ಒಂದು ಚಿಕ್ಕದು. ಪುಟ್ಟನಿಗೆ ಐದೇ ವರ್ಷ, ಅವನಿಗೆ ಟಿಕೆಟ್ ಬೇಡ. ಆರು ತುಂಬದ ಇಬ್ಬರು ಮಕ್ಕಳನ್ನು ಒಬ್ಬ ದೊಡ್ಡವರು ಪುಕ್ಕಟೆ ಕರೆದುಕೊಂಡು ಹೋಗಬಹುದು. ಒಂಬತ್ತರ ಚಿನ್ನುವಿಗೆ ಅರ್ಧ ದರ. 150ರ ಅರ್ಧ 75, ಆದರೆ ಹತ್ತಕ್ಕೆ ಕಡಿಮೆಯ ಚಿಲ್ಲರೆಯನ್ನು ರೈಲ್ವೆಯವರು ಬಿಟ್ಟುಬಿಡುತ್ತಾರೆ, ಹಾಗಾಗಿ 70. ಒಟ್ಟು 370. ಐನೂರರ ನಾಣ್ಯ ಹಾಕಿದರೆ 130 ವಾಪಸ್ ಬರುತ್ತದೆ.

ದುಡ್ಡಿನ ವಿಷಯ ಸ್ವಲ್ಪ ಗಮನವಿಟ್ಟು ಓದು. ಇಂಥ ಚಿಕ್ಕ ದೂರದ ಟಿಕೆಟ್ಟಿಗೆ ಹೆಚ್ಚಿನ ಮಷಿನ್‌ಗಳಲ್ಲಿ ನಗದೇ ಗತಿ, ನಮ್ಮ ಬ್ಯಾಂಕಿನ ಕಾರ್ಡ್ ಅಲ್ಲಿ ನಡೆಯುವುದಿಲ್ಲ. 10, 50, 100, 500ರ ನಾಣ್ಯಗಳನ್ನು ನುಂಗುತ್ತದೆ; 1 ಮತ್ತು 5 ಯೆನ್ ಹಾಕಿದರೆ ಕೆಳಗಿನ ತಟ್ಟೆಗೆ ಟಣ್ಣನೆ ಬೀಳುತ್ತವೆ. ಸಾವಿರದ ನೋಟು ನಡೆಯುತ್ತದೆ, ಹತ್ತು ಸಾವಿರದ್ದು ಎಲ್ಲದರಲ್ಲೂ ಇಲ್ಲ. ಯಾವ ನೋಟು ಅಂತ ಅದು ಹೋಗುವ ಕಿಂಡಿಯ ಪಕ್ಕ ಚಿತ್ರವಿರುತ್ತದೆ. 2024ರ ಜುಲೈಯಲ್ಲಿ ಹೊಸ ನೋಟುಗಳು ಬಂದಿವೆ, ಹಳೆಯ ಮಷಿನ್ ಯಾವುದಾದರೂ ಹೊಸ ನೋಟನ್ನು ಹೊರದಬ್ಬಿದರೆ ನೋಟಿನ ತಪ್ಪಲ್ಲ, ಪಕ್ಕದ ಮಷಿನ್‌ಗೆ ಹೋಗು. ದೂರದೂರಿನ ಟಿಕೆಟ್ಟಿಗೆ ಬೇರೆ ಮಷಿನ್ ಉಂಟು, ಅಲ್ಲಿ ಕ್ರೆಡಿಟ್ ಕಾರ್ಡ್ ನಡೆಯುತ್ತದೆ, ನಾಲ್ಕಂಕಿಯ ಪಿನ್ ಕೇಳುತ್ತದೆ. ಭಾವನವರ ಪಿನ್ ಭಾವನವರಿಗೆ ನೆನಪಿರಲಿ.

ಕೆಂಪಕ್ಷರದ ಫೋಟೋಗಳನ್ನು ಬೇಕೆಂದೇ ತೆಗೆದೆ. つり銭切れ ಎಂದರೆ ಒಳಗೆ ಚಿಲ್ಲರೆ ಖಾಲಿ. ಸರಿಯಾದ ಮೊತ್ತ ಕೈಯಲ್ಲಿದ್ದರೆ ಪ್ರಯತ್ನಿಸು, ಇಲ್ಲದಿದ್ದರೆ ಬಿಡು. 発売中止 ಎಂದಿದ್ದರೆ ಮಾರಾಟವೇ ನಿಂತಿದೆ. ಗುಂಡಿ ತಪ್ಪಿ ಒತ್ತಿದರೆ とりけし ಒತ್ತು, ಹಾಕಿದ ದುಡ್ಡು ಹಾಗೇ ವಾಪಸ್. ಆದರೆ ಟಿಕೆಟ್ ಹೊರಬಿದ್ದ ಮೇಲೆ ಆ ಗುಂಡಿಗೆ ಕೆಲಸವಿಲ್ಲ. ದುಡ್ಡು ಒಳಗೇ ಸಿಕ್ಕಿಕೊಂಡರೆ よびだし, ಅಂದರೆ ಸಿಬ್ಬಂದಿಯನ್ನು ಕರೆಯುವುದು. ಕೆಲವು ಸ್ಟೇಷನ್‌ಗಳಲ್ಲಿ ಮಷಿನ್ ಪಕ್ಕದ ಗೋಡೆಯಲ್ಲೇ ಪುಟ್ಟ ಬಾಗಿಲು ತೆರೆದು ಒಬ್ಬರು ಇಣುಕುತ್ತಾರೆ! ಪುಟ್ಟ ಅದನ್ನು ನೋಡಿದರೆ ಮತ್ತೆ ಮತ್ತೆ ಒತ್ತುತ್ತಾನೆ, ಅವನನ್ನು ದೂರ ನಿಲ್ಲಿಸು.

ದರ ಗೊತ್ತಾಗದೇ ಹೋದರೂ ಚಿಂತೆಯಿಲ್ಲ. ಕಡಿಮೆ ದರದ ಟಿಕೆಟ್ ತೆಗೆದು ಹೊರಟುಬಿಡಬಹುದು. ಇಳಿದ ಕಡೆ ಗೇಟಿನ ಒಳಗೇ ವ್ಯತ್ಯಾಸ ಕಟ್ಟುವ ಇನ್ನೊಂದು ಮಷಿನ್ ಇರುತ್ತದೆ, ಇಲ್ಲದ ಕಡೆ ಗೇಟಿನ ಪಕ್ಕದವರ ಬಳಿ ಕಟ್ಟಬೇಕು. ಮಷಿನ್‌ಗೆ ಟಿಕೆಟ್ ತೂರಿಸಿದರೆ ಎಷ್ಟು ಕೊಡಬೇಕೆಂದು ಹೇಳುತ್ತದೆ, ಕೊಟ್ಟರೆ ಹೊರಹೋಗಲು ಹೊಸ ಚೀಟಿ ಕೊಡುತ್ತದೆ. ಇನಾರಿಗೆಂದು ಹೊರಟು ಅದೇ ಲೈನಿನಲ್ಲಿ ಮುಂದಿರುವ ಉಜಿವರೆಗೆ ಹೋದರೂ ಉಜಿಯ ದರದಲ್ಲಿ 150 ಕಳೆದು ಉಳಿದದ್ದಷ್ಟೇ, ದಂಡವಿಲ್ಲ. ಟಿಟಿಗೆ ಹೆದರಿ ಬೆಳೆದ ನಮಗೆ ಇದು ನಂಬಲು ಕಷ್ಟ. ಒಳಹೋಗುವಾಗ ಟಿಕೆಟ್ ಗೇಟಿನ ಆಚೆ ಬದಿಯಲ್ಲಿ ಮೇಲೆದ್ದು ಬರುತ್ತದೆ, ಮರೆಯದೆ ಎತ್ತಿಕೊಳ್ಳಿ. ಇಳಿದಾಗ ಮತ್ತೆ ಬೇಕು.

ದಿನವೂ ಓಡಾಡುವುದಾದರೆ ಇಕೋಕಾ ಕಾರ್ಡ್ ವಾಸಿ. ಇದೇ ಬಗೆಯ ಮಷಿನ್‌ಗೆ ಕಾರ್ಡ್ ತೂರಿಸಿ, ಮೊತ್ತ ಆರಿಸಿ, ನೋಟು ಹಾಕಿದರೆ ತುಂಬಿಕೊಳ್ಳುತ್ತದೆ. ಅಲ್ಲೂ ಸಾಮಾನ್ಯವಾಗಿ ನಗದೇ. ಒಂದು ಕಾರ್ಡನ್ನು ಇಬ್ಬರು ಒಟ್ಟಿಗೆ ಬಳಸುವ ಹಾಗಿಲ್ಲ.

ಕೊನೆಗೆ ಮುಖ್ಯವಾದದ್ದು: ಇನಾರಿ ಕ್ಯೋಟೋದಿಂದ ಎರಡನೆಯ ಸ್ಟೇಷನ್, ಅದೇ ಹಳಿಯ ಮಿಯಾಕೋಜಿ ರ‍್ಯಾಪಿಡ್ ಅಲ್ಲಿ ನಿಲ್ಲುವುದಿಲ್ಲ. ಲೋಕಲ್ ಹತ್ತು. ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ತಮ್ಮ